ನೆಗಡಿಗೆ ಎಲ್ಡರ್‌ಬೆರಿ, ಎಕಿನೇಶಿಯಾ, ಬೆಳ್ಳುಳ್ಳಿ ಗುಳಿಗೆ: ಮೂರನ್ನೂ ತಗೊಂಡು ನೋಡಿದೆ

ಕಲಬುರಗಿಯಲ್ಲಿ ಚಳಿ ಅಂದರೆ ಎರಡು ತಿಂಗಳು. ನನಗೆ ನೆಗಡಿ ಹಿಡಿಯುವುದೂ ಸರಿಯಾಗಿ ಆಗಲೇ, ಹೊಲದಲ್ಲಿ ತೊಗರಿ ರಾಶಿ ನಡೆಯುವಾಗ. ಎರಡು ವರ್ಷದಲ್ಲಿ ಮೂರು ಬೇರೆ ಬೇರೆ ಸಾಮಾನು ತಗೊಂಡು ನೋಡಿದೆ. ಮೂಗು ಸೋರಲು ಶುರುವಾದ ದಿನ, ನಿಂತ ದಿನ, ಎರಡನ್ನೂ ಕ್ಯಾಲೆಂಡರ್ ಮೇಲೆ ಗೀಚಿಟ್ಟೆ.

ಎಲ್ಡರ್‌ಬೆರಿ ಸಿರಪ್ ಕುಡಿದಾಗ ನೆಗಡಿ ಆರು ದಿನ ಇತ್ತು. ಎಕಿನೇಶಿಯಾ ತಗೊಂಡಾಗ ಏಳು. ಅದಕ್ಕೂ ಹಿಂದೆ ಬರೀ ಮೆಣಸಿನ ಕಷಾಯ ಕುಡಿದು ಮಲಗಿದಾಗಲೂ ಏಳೇ ದಿನ! ನೆಗಡಿ ಹೇಗೂ ವಾರ, ಹತ್ತು ದಿನದಲ್ಲಿ ತಾನಾಗಿ ಹೋಗುವಂಥದ್ದು, ಹಾಗಾಗಿ ನನ್ನ ಆರು ದಿನದಿಂದ ಏನೂ ಸಾಬೀತಾಗುವುದಿಲ್ಲ. ಅದಕ್ಕೇ ದೊಡ್ಡ ಪರೀಕ್ಷೆಗಳಲ್ಲಿ ಏನು ಸಿಕ್ಕಿದೆ ಅಂತ ಓದಲು ಕೂತೆ.

ಮೊದಲು ಎಲ್ಡರ್‌ಬೆರಿ. ಇದು ಯುರೋಪಿನ ಕಡೆ ಬೆಳೆಯುವ ಕಪ್ಪು ಹಣ್ಣು, ನಮ್ಮ ಕಡೆ ಗಿಡ ನೋಡಿದವರೇ ಇಲ್ಲ. ಅಕ್ಕನ ಮಗ ಹೊರದೇಶದಿಂದ ಬಾಟಲಿ ತಂದಿದ್ದ. ನಾರ್ವೆಯಲ್ಲಿ ಫ್ಲೂ ಲಕ್ಷಣ ಇದ್ದ 60 ಜನರ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ದಿನಕ್ಕೆ ನಾಲ್ಕು ಸಲ 15 ಎಂಎಲ್ ಸಿರಪ್ ಕುಡಿದವರು ಸರಾಸರಿ ನಾಲ್ಕು ದಿನ ಮುಂಚೆ ಚೇತರಿಸಿಕೊಂಡರು. ಅಂಗಡಿಯವರು ಹೇಳುವುದು ಇಲ್ಲಿಗೇ ನಿಲ್ಲುತ್ತದೆ. ಆದರೆ 2020ರಲ್ಲಿ ಅಮೆರಿಕದಿಂದ ಬಂದ ಇನ್ನೊಂದು ಪರೀಕ್ಷೆಯಲ್ಲಿ, ಫ್ಲೂ ಇದೆ ಅಂತ ಟೆಸ್ಟಿನಲ್ಲೇ ಖಾತ್ರಿಯಾದ 87 ಜನರಲ್ಲಿ, ಒಂದು ದಿನದ ಫರಕೂ ಕಾಣಲಿಲ್ಲ. ಇವೆರಡೂ ಫ್ಲೂ ಮಾತಾಯಿತು, ನಮ್ಮ ಮಾಮೂಲಿ ನೆಗಡಿಯದ್ದಲ್ಲ. ನೆಗಡಿಗೆ ಸಿಕ್ಕಿದ್ದು ಆಸ್ಟ್ರೇಲಿಯಾದಿಂದ ಹೊರದೇಶಕ್ಕೆ ವಿಮಾನದಲ್ಲಿ ಹೊರಟ 312 ಜನರ ಪರೀಕ್ಷೆ, ಅದು 2016ರದ್ದು. ನೆಗಡಿ ಹಿಡಿದವರ ಸಂಖ್ಯೆ ಹೇಳಿಕೊಳ್ಳುವಷ್ಟು ಕಡಿಮೆಯಾಗಲಿಲ್ಲ, ಹಿಡಿದವರಿಗೆ ಬೇಗ ವಾಸಿಯಾಯಿತು ಅಷ್ಟೇ.

ನನಗೆ ತಲೆಬಿಸಿ ಮಾಡಿದ್ದು ಸಕ್ಕರೆ. ನನ್ನ ಬಾಟಲಿ ಮೇಲೆ 10 ಎಂಎಲ್‌ಗೆ 5 ಗ್ರಾಂ ಸಕ್ಕರೆ ಅಂತ ಬರೆದಿತ್ತು. ದಿನಕ್ಕೆ 60 ಎಂಎಲ್ ಅಂದರೆ 30 ಗ್ರಾಂ, ಚಹಾ ಚಮಚದಲ್ಲಿ ಅಳೆದರೆ ಆರೇಳು ಚಮಚ ಆಗುತ್ತೆ. ಅವ್ವಗೆ ಶುಗರ್ ಇದೆ, "ನನಗೂ ಒಂದು ಚಮಚ ಹಾಕಪ್ಪಾ, ಗಂಟಲು ಕೆರೀತದ" ಅಂದರು. ಆಗಲೇ ಬಾಟಲಿ ತಿರುಗಿಸಿ ಓದಿದ್ದು. ಅಲ್ಲಿವರೆಗೆ ನಾನೂ ಓದಿರಲಿಲ್ಲ, ಸುಳ್ಳು ಯಾಕೆ ಹೇಳಲಿ. ಇನ್ನೊಂದು, ಆನ್‌ಲೈನ್‌ನಲ್ಲಿ ಒಣಗಿದ ಹಣ್ಣು ತರಿಸಿ ಮನೆಯಲ್ಲೇ ಸಿರಪ್ ಮಾಡುವವರಿದ್ದಾರೆ. ಈ ಗಿಡದ ಎಲೆ, ಕಡ್ಡಿ, ಕಾಯಿಯಲ್ಲಿ ಹೊಟ್ಟೆಗೆ ಹೋದ ಮೇಲೆ ಸೈನೈಡ್ ಬಿಡುವ ಅಂಶ ಇದೆ. 1983ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಎಲೆ ಕಡ್ಡಿ ಸಮೇತ ಹಿಂಡಿದ ಹಸಿ ರಸ ಕುಡಿದು 11 ಜನ ವಾಂತಿ ಮಾಡಿಕೊಂಡು ಬಿದ್ದಿದ್ದರು. ಚೆನ್ನಾಗಿ ಕುದಿಸದೆ ಇದನ್ನು ಮುಟ್ಟಲೇಬಾರದು.

ಎಕಿನೇಶಿಯಾ ಅನ್ನುವ ಹೂಗಿಡದ ಗುಳಿಗೆಯ ಕಥೆ ಬೇರೆ. ಇದರ ಮೇಲೆ ನಡೆದಷ್ಟು ಪರೀಕ್ಷೆ ಉಳಿದೆರಡರ ಮೇಲೂ ನಡೆದಿಲ್ಲ, ಆದರೂ ಕೈಗೆ ಸಿಕ್ಕಿದ್ದು ಕಡಿಮೆ. ಕಾಕ್ರೇನ್ ಅನ್ನುವ ಸಂಸ್ಥೆಯ 2014ರ ಪರಿಶೀಲನೆ 24 ಪರೀಕ್ಷೆಗಳನ್ನು ಒಟ್ಟಿಗಿಟ್ಟು ನೋಡಿತು. ನೆಗಡಿ ಬಂದ ಮೇಲೆ ತಗೊಂಡರೆ ಉಪಯೋಗ ಇದೆ ಅಂತ ಖಚಿತವಾಗಿ ಹೇಳಲು ಆಗಲಿಲ್ಲ, ಬರದಂತೆ ತಡೆಯುವುದರಲ್ಲಿ ಸ್ವಲ್ಪ ಲಾಭ ಇರಬಹುದು ಅನ್ನುವಷ್ಟೇ. ಒಂದು ತೊಡಕೂ ಇದೆ: ಎಕಿನೇಶಿಯಾದಲ್ಲಿ ಮೂರು ಜಾತಿ ಬಳಸುತ್ತಾರೆ, ಒಬ್ಬ ಬೇರು ಹಾಕಿದರೆ ಇನ್ನೊಬ್ಬ ಎಲೆ ಹೂವು ಹಾಕುತ್ತಾನೆ, ಆದರೆ ಡಬ್ಬಿ ಮೇಲೆ ಹೆಸರು ಒಂದೇ. ಪರೀಕ್ಷೆಯಲ್ಲಿ ಇದ್ದದ್ದೇ ನಿಮ್ಮ ಡಬ್ಬಿಯಲ್ಲಿ ಇದೆಯಾ ಅಂತ ಹೇಗೆ ಗೊತ್ತಾಗಬೇಕು?

ಎಕಿನೇಶಿಯಾ ಸೇವಂತಿ, ಸೂರ್ಯಕಾಂತಿ ಕುಟುಂಬದ್ದು, ಮತ್ತು ಅದೇ ಕುಟುಂಬದ್ದು ನಮ್ಮ ಕಾಂಗ್ರೆಸ್ ಹುಲ್ಲು. ಹೌದು, ಪಾರ್ಥೇನಿಯಂ, ಬದುವಿನ ಮೇಲೆ, ರಸ್ತೆ ಪಕ್ಕ, ಖಾಲಿ ಪ್ಲಾಟಿನಲ್ಲಿ ಸೊಂಟದೆತ್ತರ ಬೆಳೆದು ನಿಂತಿರುತ್ತಲ್ಲ, ಅದೇ. ಈ ಕುಟುಂಬದ ಗಿಡಗಳಿಗೆ ಅಲರ್ಜಿ ಇರುವವರು ಎಕಿನೇಶಿಯಾ ತಗೋಬಾರದು ಅನ್ನುವ ಎಚ್ಚರಿಕೆ ಇದೆ. ನನಗೆ ಪ್ರತಿ ವರ್ಷ ಆ ಹುಲ್ಲು ಕಿತ್ತ ಮೇಲೆ ಮೊಣಕೈ ಮಡಿಕೆಯಲ್ಲಿ ತುರಿಕೆ ಬರುತ್ತದೆ. ಗುಳಿಗೆ ಶುರು ಮಾಡಿದ ಮೂರನೇ ದಿನ ಕೈ, ಕತ್ತಿನ ಮೇಲೆ ಕೆಂಪು ದದ್ದು ಎದ್ದವು. ಆ ವಾರ ನಾನು ಹೊಲಕ್ಕೆ ಕಾಲಿಟ್ಟಿರಲಿಲ್ಲ. ಗುಳಿಗೆ ನಿಲ್ಲಿಸಿದೆ, ಎರಡು ದಿನಕ್ಕೆ ದದ್ದು ಇಳಿದವು. ಗುಳಿಗೆಯಿಂದಲೇ ಬಂತು ಅಂತ ಆಣೆ ಮಾಡಲಾರೆ, ಆದರೆ ಮತ್ತೆ ತಗೊಂಡು ನೋಡುವ ಧೈರ್ಯವೂ ಇಲ್ಲ. ಮುಖ ಊದಿದರೆ ಅಥವಾ ಉಸಿರು ಕಟ್ಟಿದರೆ ಮಾತ್ರ ಕಾಯುತ್ತಾ ಕೂರದೆ ಸೀದಾ ಆಸ್ಪತ್ರೆಗೆ ಓಡಬೇಕು. ಮಕ್ಕಳಿಗಂತೂ ಬೇಡ. 2 ರಿಂದ 11 ವರ್ಷದ ಮಕ್ಕಳ ಪರೀಕ್ಷೆಯಲ್ಲಿ ನೆಗಡಿ ಬೇಗ ಹೋಗಲಿಲ್ಲ, ದದ್ದು ಮಾತ್ರ ಜಾಸ್ತಿಯಾಯಿತು. ಬ್ರಿಟನ್ನಿನಲ್ಲಿ 2012ರಿಂದ 12 ವರ್ಷದ ಒಳಗಿನವರಿಗೆ ಕೊಡಬೇಡಿ ಅಂತ ಹೇಳಿದ್ದಾರೆ.

ಬೆಳ್ಳುಳ್ಳಿ ಗುಳಿಗೆ ನಮ್ಮ ಓಣಿಯ ಮೆಡಿಕಲ್‌ನಲ್ಲೇ ಸಿಗುತ್ತದೆ. ಇದರ ಪರವಾಗಿ ಎಲ್ಲರೂ ತೋರಿಸುವುದು 2001ರಲ್ಲಿ ಬಂದ ಒಂದು ಬ್ರಿಟಿಷ್ ಪರೀಕ್ಷೆ. 146 ಜನ, 12 ವಾರ, ದಿನಕ್ಕೊಂದು ಗುಳಿಗೆ. ಬೆಳ್ಳುಳ್ಳಿ ತಗೊಂಡವರಲ್ಲಿ ಒಟ್ಟು 24 ನೆಗಡಿ, ಹೋಲಿಕೆಗೆ ಅಂತ ಖಾಲಿ ಗುಳಿಗೆ ತಗೊಂಡವರಲ್ಲಿ 65. ಲೆಕ್ಕ ಜೋರಾಗಿದೆ, ಅಲ್ವಾ? ಆದರೆ ನೆಗಡಿ ಬಂದ ಮೇಲೆ ವಾಸಿಯಾಗಲು ಎರಡೂ ಕಡೆಯವರಿಗೆ ಹೆಚ್ಚುಕಡಿಮೆ ಅಷ್ಟೇ ದಿನ ಹಿಡಿಯಿತು. ಅಂದರೆ ಮೂಗು ಸೋರಲು ಶುರುವಾದ ಮೇಲೆ ಓಡಿಹೋಗಿ ತರುವ ಸಾಮಾನಲ್ಲ ಇದು, ಇಡೀ ಚಳಿಗಾಲ ನುಂಗಬೇಕು. ಅಲ್ಲದೆ ತೇಗಿದರೆ ಬೆಳ್ಳುಳ್ಳಿ ವಾಸನೆ ಬರುವಾಗ ತನಗೆ ಸಿಕ್ಕಿದ್ದು ನಿಜವಾದ ಗುಳಿಗೆಯೋ ಖಾಲಿಯೋ ಅಂತ ಯಾರಿಗೆ ತಿಳಿಯೋದಿಲ್ಲ!

ನಾನು ಎಡವಿದ್ದು ಇಲ್ಲೇ. ಪರೀಕ್ಷೆಯಲ್ಲಿ ಕೊಟ್ಟದ್ದು 180 ಮಿಲಿಗ್ರಾಂ ಅಲಿಸಿನ್ ಲೆಕ್ಕದ ಗುಳಿಗೆ. ನಾನು ನುಂಗಿದ್ದು ಎಣ್ಣೆ ತುಂಬಿದ ಮೆತ್ತನೆಯ ಮುತ್ತಿನಂಥ ಗುಳಿಗೆ. ಅಲಿಸಿನ್ ಅನ್ನುವುದು ಎಸಳನ್ನು ಜಜ್ಜಿದಾಗ ಹುಟ್ಟುವ ಖಾರದ ಅಂಶ, ಹೆಚ್ಚು ಹೊತ್ತು ನಿಲ್ಲುವುದಿಲ್ಲ, ಎಣ್ಣೆಯ ಗುಳಿಗೆಯಲ್ಲಿ ಉಳಿದಿರುವುದೂ ಇಲ್ಲ. ಹನ್ನೆರಡು ವಾರ ನಾನು ಬೇರೆಯದೇ ಸಾಮಾನು ತಿಂದು ಪರೀಕ್ಷೆ ಮಾಡುತ್ತಿದ್ದೇನೆ ಅಂದುಕೊಂಡಿದ್ದೆ. ಆ ಹನ್ನೆರಡು ವಾರದಲ್ಲಿ ನೆಗಡಿ ಒಂದು ಸಲ ಬಂತು, ಐದು ದಿನ ಇತ್ತು.

ಬೆಳ್ಳುಳ್ಳಿ ಮನೆಯದ್ದೇ ಅಂತ ಯಾರೂ ಹೆದರುವುದಿಲ್ಲ. ರೊಟ್ಟಿ ಜೊತೆ ಬೆಳ್ಳುಳ್ಳಿ ಖಾರ ಹಚ್ಚಿಕೊಂಡು ತಿನ್ನುವುದಕ್ಕೆ ಹೆದರಬೇಕಾಗಿಯೂ ಇಲ್ಲ. ಗುಳಿಗೆಯ ಪ್ರಮಾಣದಲ್ಲಿ ದಿನಾ ತಗೊಂಡಾಗ ಅದು ರಕ್ತ ಹೆಪ್ಪುಗಟ್ಟುವುದನ್ನು ಸ್ವಲ್ಪ ತಡೆಯಬಹುದು. ಅಪ್ಪಾಜಿಗೆ ಸ್ಟೆಂಟ್ ಹಾಕಿದ್ದಾರೆ, ಆಸ್ಪಿರಿನ್ ಜೊತೆ ಇನ್ನೊಂದು ರಕ್ತ ತೆಳುವಾಗಿಸುವ ಗುಳಿಗೆಯೂ ನಡೆಯುತ್ತಿದೆ. ನನ್ನ ಡಬ್ಬಿಯಿಂದ ತಾವೂ ದಿನಾ ಎರಡು ತಗೊಳ್ಳುತ್ತಿದ್ದರು, ಹೇಳಿರಲಿಲ್ಲ. ಹಲ್ಲು ಕೀಳಿಸಲು ಹೋದಾಗ ಡಾಕ್ಟರ್ "ಬೇರೆ ಏನಾದರೂ ತಗೋತೀರಾ?" ಅಂತ ಕೇಳಿದರೆ ಅಪ್ಪಾಜಿ ಇಲ್ಲ ಅಂದರು. ಪಕ್ಕದಲ್ಲಿದ್ದ ಅವ್ವನೇ ಬಾಯಿ ಬಿಟ್ಟದ್ದು, "ಬಳ್ಳೊಳ್ಳಿ ಗುಳಿಗಿ ತಗೋತಾರ್ರೀ." ಡಾಕ್ಟರ್ ಆ ದಿನ ಹಲ್ಲು ಮುಟ್ಟಲಿಲ್ಲ. ಬೆಳ್ಳುಳ್ಳಿ ಗುಳಿಗೆ ನಿಲ್ಲಿಸಿ ಹತ್ತು ದಿನ ಬಿಟ್ಟು ಬನ್ನಿ, ಹೃದಯದ ಗುಳಿಗೆ ಮಾತ್ರ ಯಾವ ಕಾರಣಕ್ಕೂ ನೀವಾಗಿ ಬಿಡಬೇಡಿ ಅಂತ ಎರಡೆರಡು ಸಲ ಹೇಳಿ ಕಳಿಸಿದರು.

ಈ ಚಳಿಗೆ ಯಾವುದನ್ನೂ ಕೊಂಡಿಲ್ಲ. ಮೂರರಲ್ಲಿ ಒಂದನ್ನು ಆರಿಸಲೇಬೇಕು ಅಂದರೆ, ಸಿರಪ್ಪನ್ನೇ ಆರಿಸಿಕೊಂಡೇನು, ನನಗಿನ್ನೂ ಶುಗರ್ ಇಲ್ಲವಲ್ಲ. ಎಕಿನೇಶಿಯಾ ಡಬ್ಬಿ ಅರ್ಧ ಹಾಗೇ ಇದೆ, ಪಕ್ಕದ ಮನೆಯವರು ಕೇಳಿದರು, ಅವರೂ ಹೊಲಕ್ಕೆ ಹೋಗುವವರೇ, ಕೊಡಲಿಲ್ಲ.