ಅಪ್‌ಡೇಟ್ ಆದ ಮೇಲೆ ರಾತ್ರಿಯಿಡೀ ಇಳಿದ ಬ್ಯಾಟರಿ: ಎರಡು ವರ್ಷ ಬಳಸಿದ ಫೋನಿನ ಬಗ್ಗೆ

ಈ ಫೋನ್ ಕೊಂಡು ಎರಡು ವರ್ಷ ದಾಟಿತು. ಮಧ್ಯಮ ಬೆಲೆಯ ಆಂಡ್ರಾಯ್ಡ್ ಫೋನ್, 5000 ಎಂಎಎಚ್ ಬ್ಯಾಟರಿ. ಕ್ಯಾಮೆರಾ, ಸ್ಕ್ರೀನ್ ಬಗ್ಗೆ ನನಗೆ ದೂರಿಲ್ಲ. ಹಾಗಾಗಿ ಬ್ಯಾಟರಿ ಬಗ್ಗೆ ಮಾತ್ರ ಬರೆಯುತ್ತೇನೆ, ಅದರಲ್ಲೂ ಕಳೆದ ದೊಡ್ಡ ಅಪ್‌ಡೇಟ್ ನಂತರ ಆದದ್ದನ್ನು. ನಾನಿರುವುದು ಶಿರಸಿ ಹತ್ತಿರದ ಹಳ್ಳಿಯಲ್ಲಿ. ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿದ್ದರೆ ಕರೆಂಟ್ ಯಾವಾಗ ಬರುತ್ತದೆ ಅಂತ ಹೇಳೋಕಾಗಲ್ಲ. ಬೆಳಗ್ಗೆ ಎದ್ದಾಗ ಫೋನಿನಲ್ಲಿ ಎಷ್ಟು ಚಾರ್ಜ್ ಉಳಿದಿದೆ ಅನ್ನೋದು ಇಲ್ಲಿ ಸಣ್ಣ ವಿಷಯ ಅಲ್ಲ.

ಮೊದಲಿನ ಲೆಕ್ಕ ಹೀಗಿತ್ತು. ರಾತ್ರಿ ಮಲಗುವಾಗ 80 ಇದ್ದರೆ ಬೆಳಗ್ಗೆ 75 ಇರುತ್ತಿತ್ತು. ಸಿಮ್, ವೈಫೈ ಎರಡೂ ಆನ್ ಇಟ್ಟು ಸುಮ್ನೆ ಮೇಜಿನ ಮೇಲೆ ಬಿಟ್ಟ ಫೋನ್ ಗಂಟೆಗೆ ಅರ್ಧದಿಂದ ಒಂದು ಪರ್ಸೆಂಟ್ ಇಳಿಯುವುದು ಸಹಜ. ಅಪ್‌ಡೇಟ್ ನಂತರ ರಾತ್ರಿ 11ಕ್ಕೆ 78 ಇದ್ದದ್ದು ಬೆಳಗ್ಗೆ 6ಕ್ಕೆ 47 ಆಗಿತ್ತು. ಏಳು ಗಂಟೆಯಲ್ಲಿ 31 ಪರ್ಸೆಂಟ್, ಅಂದರೆ ಸುಮಾರು 1550 ಎಂಎಎಚ್. ಗಂಟೆಗೆ 220ರ ಆಸುಪಾಸು. ಸ್ಕ್ರೀನ್ ಆಫ್ ಇದ್ದು, ಯಾರೂ ಮುಟ್ಟದ ಫೋನ್ ಇಷ್ಟು ಖರ್ಚು ಮಾಡುತ್ತಿದೆ ಅಂದರೆ ಒಳಗೆ ಏನೋ ಒಂದು ಅದನ್ನು ನಿದ್ದೆ ಮಾಡೋಕೆ ಬಿಡುತ್ತಿಲ್ಲ ಅಂತಲೇ ಅರ್ಥ.

ಅಪ್‌ಡೇಟ್ ಆದ ಮೊದಲ ಎರಡು ಮೂರು ದಿನ ಬ್ಯಾಟರಿ ಜಾಸ್ತಿ ಇಳಿದರೆ ಗಾಬರಿ ಬೇಡ. ಹೊಸ ಆಂಡ್ರಾಯ್ಡ್‌ಗೆ ತಕ್ಕಂತೆ ಎಲ್ಲ ಆ್ಯಪ್‌ಗಳನ್ನೂ ಫೋನ್ ಒಳಗೊಳಗೇ ಮತ್ತೆ ಸಿದ್ಧ ಮಾಡಿಕೊಳ್ಳುತ್ತದೆ. ಫೋಟೋ, ವಿಡಿಯೋಗಳ ಪಟ್ಟಿಯನ್ನೂ ಹೊಸದಾಗಿ ಕಟ್ಟುವುದುಂಟು. ಆ ಕೆಲಸ ಮುಗಿದ ಮೇಲೆ ತಾನಾಗಿಯೇ ಸರಿಹೋಗುತ್ತದೆ. ನಾನೂ ಕಾದೆ. ವಾರ ಕಳೆದರೂ ಬೆಳಗಿನ ಲೆಕ್ಕ ಬದಲಾಗಲಿಲ್ಲ. ಸರ್ವಿಸ್ ಸೆಂಟರಿನಲ್ಲಿ ವಿಚಾರಿಸಿದರೆ, "ಎರಡು ವರ್ಷ ಆಯ್ತಲ್ವಾ ಸರ್, ಬ್ಯಾಟರಿ ಹೋಗಿರುತ್ತೆ, ಬದಲಾಯಿಸಿಬಿಡಿ" ಅಂದರು. ಫೋನನ್ನು ಕೈಗೆ ತಗೊಂಡು ನೋಡಲೂ ಇಲ್ಲ. ಹಳೇ ಬ್ಯಾಟರಿ ನಿಧಾನವಾಗಿ ಸೋಲುತ್ತದೆ. ಅಪ್‌ಡೇಟ್ ಆದ ರಾತ್ರಿಯಿಂದಲೇ ಸೋಲುವುದಿಲ್ಲ. ಈ ಮಾತನ್ನು ಕೇಳಿ ಎಷ್ಟು ಜನ ಸುಮ್ಮನೆ ದುಡ್ಡು ಕಟ್ಟಿ ಬಂದಿರಬಹುದು ಅಂತ ಬೇಸರವಾಯಿತು.

ಬ್ಯಾಟರಿ ಹಾಳಾಗಿದೆಯೋ ಇಲ್ಲವೋ ತಿಳಿಯಲು ಖರ್ಚಿಲ್ಲದ ದಾರಿ ಒಂದಿದೆ. ಒಂದು ರಾತ್ರಿ ಫೋನನ್ನು ಫ್ಲೈಟ್ ಮೋಡ್‌ನಲ್ಲಿ ಹಾಕಿ ಮಲಗಿ. ವೈಫೈ, ಬ್ಲೂಟೂತ್ ಕೂಡ ಆಫ್ ಇರಲಿ, ಕೆಲವು ಫೋನ್‌ಗಳಲ್ಲಿ ಅವು ಫ್ಲೈಟ್ ಮೋಡ್‌ನಲ್ಲೂ ಆನ್ ಉಳಿಯುತ್ತವೆ. ನನ್ನ ಫೋನ್ ಹಾಗೆ ಇಟ್ಟಾಗ ಬೆಳಗ್ಗೆ ಬರೀ 2 ಪರ್ಸೆಂಟ್ ಇಳಿದಿತ್ತು. ಬ್ಯಾಟರಿ ಗಟ್ಟಿಯಾಗಿದೆ ಅಂತ ಅಲ್ಲಿಗೆ ಖಾತ್ರಿ ಆಯಿತು. ಫ್ಲೈಟ್ ಮೋಡ್‌ನಲ್ಲೂ ಹತ್ತಿಪ್ಪತ್ತು ಪರ್ಸೆಂಟ್ ಹೋದರೆ ಮಾತ್ರ ಬ್ಯಾಟರಿಯನ್ನೋ, ನೆಟ್ ಇಲ್ಲದೆಯೂ ಓಡುವ ಆ್ಯಪ್ ಒಂದನ್ನೋ ಅನುಮಾನಿಸಬೇಕು.

ಮುಂದಿನ ಅನುಮಾನ ಟವರ್ ಮೇಲೆ. ನಮ್ಮ ಕಡೆ ಮನೆಯೊಳಗೆ ಸಿಗ್ನಲ್ ಒಂದು ಕಡ್ಡಿ ಇದ್ದರೆ ಪುಣ್ಯ. ಸಿಗ್ನಲ್ ಕಮ್ಮಿ ಇದ್ದಷ್ಟೂ ಫೋನ್ ಜೋರು ಶಕ್ತಿಯಲ್ಲಿ ಟವರ್ ಜೊತೆ ಮಾತಾಡಬೇಕು, ಪದೇ ಪದೇ ಹುಡುಕಬೇಕು. ಬ್ಯಾಟರಿ ತಿನ್ನುವುದರಲ್ಲಿ ಇದು ಯಾವ ಆ್ಯಪ್‌ಗೂ ಕಮ್ಮಿ ಇಲ್ಲ. ಅದಕ್ಕೇ ಇನ್ನೊಂದು ರಾತ್ರಿ ಫ್ಲೈಟ್ ಮೋಡ್ ಹಾಗೇ ಇಟ್ಟು ವೈಫೈ ಒಂದನ್ನೇ ಆನ್ ಮಾಡಿದೆ. ಬೆಳಗ್ಗೆ 27 ಪರ್ಸೆಂಟ್ ಹೋಗಿತ್ತು! ಸಿಮ್ ಕೆಲಸ ಮಾಡದಿದ್ದಾಗಲೂ ಇಷ್ಟು ಇಳಿಯಿತು ಅಂದರೆ ಟವರ್‌ದು ತಪ್ಪಿಲ್ಲ. ನೆಟ್ ಸಿಕ್ಕ ಕೂಡಲೇ ಯಾವುದೋ ಆ್ಯಪ್ ಕೆಲಸಕ್ಕೆ ಇಳಿಯುತ್ತಿದೆ. ಈ ಎರಡು ರಾತ್ರಿಯ ಪರೀಕ್ಷೆಯಿಂದ ಹುಡುಕುವ ಜಾಗ ಎಷ್ಟೋ ಚಿಕ್ಕದಾಯಿತು.

ಈಗ ಸೆಟ್ಟಿಂಗ್ಸ್‌ನ ಬ್ಯಾಟರಿ ಪುಟ. ಈ ಫೋನಿನ ಮೇಲೆ ನನಗಿರುವ ದೊಡ್ಡ ಸಿಟ್ಟು ಇಲ್ಲೇ. ಪುಟ ತೆರೆದರೆ ಮೇಲೆ ಸ್ಕ್ರೀನ್, ಅದರ ಕೆಳಗೆ ನಾನು ಹಗಲು ಬಳಸಿದ ಆ್ಯಪ್‌ಗಳು. ರಾತ್ರಿಯ ಖರ್ಚೆಲ್ಲ 'ಸಿಸ್ಟಂ ಆ್ಯಪ್ಸ್' ಅನ್ನುವ ಒಂದೇ ಸಾಲಿನಲ್ಲಿ. ಅದನ್ನು ಒತ್ತಿದರೆ ಒಳಗೆ ಏನೂ ತೆರೆಯುವುದಿಲ್ಲ. ಕಂಪನಿಯವರೇ ಹಾಕಿಕೊಟ್ಟ ಆ್ಯಪ್ ತಪ್ಪು ಮಾಡಿದರೆ ಕೊಂಡವರಿಗೆ ಅದರ ಹೆಸರೂ ಕಾಣದ ಹಾಗೆ ಇಟ್ಟಿದ್ದಾರೆ. ಇದು ನ್ಯಾಯ ಅಲ್ಲ. ನಿಮ್ಮ ಫೋನಿನಲ್ಲಿ ಹೆಸರುಗಳು ಬಿಡಿಬಿಡಿಯಾಗಿ ಕಂಡರೆ, ಪ್ರತಿ ಆ್ಯಪ್‌ನ 'ಬ್ಯಾಕ್‌ಗ್ರೌಂಡ್' ಸಮಯ ನೋಡಿ. ನೀವು ಮಲಗಿದ್ದ ಹೊತ್ತಿಗೆ ಯಾವುದು ಗಂಟೆಗಟ್ಟಲೆ ಓಡಿದೆಯೋ ಅದೇ. ಗೂಗಲ್ ಪ್ಲೇ ಸರ್ವಿಸಸ್ ಮೇಲೆ ಕಂಡರೆ ಅದನ್ನೇ ಆಫ್ ಮಾಡಲು ಹೋಗಬೇಡಿ. ಲೊಕೇಶನ್, ಸಿಂಕ್ ಥರದ ಕೆಲಸವನ್ನು ಅದು ಬೇರೆ ಆ್ಯಪ್‌ಗಳ ಪರವಾಗಿ ಮಾಡುತ್ತದೆ, ಕೇಳಿದವರು ಇನ್ಯಾರೋ ಆಗಿರುತ್ತಾರೆ.

ನನಗೆ ಹೆಸರು ಸಿಕ್ಕಿದ್ದು ಕಂಪ್ಯೂಟರ್‌ಗೆ ಜೋಡಿಸಿದ ಮೇಲೆ. ಸೆಟ್ಟಿಂಗ್ಸ್‌ನಲ್ಲಿ ಬಿಲ್ಡ್ ನಂಬರ್ ಮೇಲೆ ಏಳು ಸಲ ಒತ್ತಿದರೆ ಡೆವಲಪರ್ ಆಪ್ಷನ್ಸ್ ತೆರೆದುಕೊಳ್ಳುತ್ತದೆ. ಅದರಲ್ಲಿ ಯುಎಸ್‌ಬಿ ಡೀಬಗಿಂಗ್ ಆನ್ ಮಾಡಿ, ಲ್ಯಾಪ್‌ಟಾಪ್‌ನಲ್ಲಿ ಎಡಿಬಿ ಅನ್ನುವ ಚಿಕ್ಕ ಸಾಧನ ಇಟ್ಟುಕೊಂಡರೆ ಸಾಕು. ರಾತ್ರಿ ಕೇಬಲ್ ಕೀಳುವ ಮೊದಲು ಹಳೇ ಲೆಕ್ಕ ಅಳಿಸಿದೆ, ಬೆಳಗ್ಗೆ ಎದ್ದು ಹೊಸ ಲೆಕ್ಕ ತೆಗೆದೆ:

```
adb shell dumpsys batterystats --reset
adb shell dumpsys batterystats > ratri.txt
```

ಎರಡನೇ ಸಾಲನ್ನು ಬೆಳಗ್ಗೆ ಫೋನ್ ಫುಲ್ ಚಾರ್ಜ್ ಮಾಡುವ ಮೊದಲೇ ಓಡಿಸಬೇಕು. ಫುಲ್ ಚಾರ್ಜ್ ಆಗಿ ಕೇಬಲ್ ತೆಗೆದರೆ ಫೋನ್ ಲೆಕ್ಕವನ್ನು ಹೊಸದಾಗಿ ಶುರು ಮಾಡುತ್ತದೆ. ಫೈಲ್ ನೋಡಿದರೆ ತಲೆ ತಿರುಗುವಷ್ಟು ಉದ್ದ ಇರುತ್ತದೆ. ಎಲ್ಲ ಓದುವುದು ಬೇಡ. ಅದರಲ್ಲಿ `All partial wake locks` ಅಂತ ಹುಡುಕಿ. ಸ್ಕ್ರೀನ್ ಆಫ್ ಇದ್ದರೂ ಪ್ರೊಸೆಸರ್ ಎಚ್ಚರವಾಗಿರಲಿ ಅಂತ ಯಾರು ಎಷ್ಟು ಹೊತ್ತು ಹಿಡಿದಿಟ್ಟರು ಅನ್ನೋದರ ಪಟ್ಟಿ ಅದು. ಜಾಸ್ತಿ ಹೊತ್ತು ಹಿಡಿದವರು ಮೇಲೆ ಇರುತ್ತಾರೆ. ನನ್ನ ಪಟ್ಟಿಯ ಮೊದಲ ಸಾಲಿನಲ್ಲಿ `u0a214`, ಪಕ್ಕದಲ್ಲಿ `*job*` ಅಂತ ಶುರುವಾಗುವ ಹೆಸರು, 5 ಗಂಟೆ 18 ನಿಮಿಷ, 33 ಸಲ. ಎರಡನೇ ಸಾಲಿನಲ್ಲಿದ್ದದ್ದು ನಾಲ್ಕೇ ನಿಮಿಷ. ಕಳ್ಳ ಯಾರು ಅಂತ ಇನ್ನು ಕೇಳುವ ಹಾಗೇ ಇರಲಿಲ್ಲ. `u0a214` ಅಂದರೆ 10214ನೇ ಸಂಖ್ಯೆಯ ಆ್ಯಪ್. ಅದು ಯಾವುದು ಅಂತ ಹೀಗೆ ಕೇಳಬಹುದು:

```
adb shell "pm list packages -U | grep 10214"
```

ಬಂದ ಉತ್ತರ, ಫೋನಿನ ಜೊತೆಗೇ ಬಂದಿದ್ದ ಗ್ಯಾಲರಿಯ ಬ್ಯಾಕಪ್ ಆ್ಯಪ್.

33 ಸಲ ಅನ್ನುವುದನ್ನು ಸ್ವಲ್ಪ ಗಮನಿಸಿ. 5 ಗಂಟೆ 18 ನಿಮಿಷವನ್ನು 33ರಿಂದ ಭಾಗಿಸಿದರೆ ಸಲಕ್ಕೆ ಹತ್ತಿರ ಹತ್ತು ನಿಮಿಷ. ಹಿನ್ನೆಲೆಯಲ್ಲಿ ಓಡುವ ಇಂಥ ಕೆಲಸಕ್ಕೆ ಆಂಡ್ರಾಯ್ಡ್ ಸಾಮಾನ್ಯವಾಗಿ ಕೊಡುವ ಗಡುವೂ ಹತ್ತು ನಿಮಿಷವೇ. ಅಂದರೆ ಆ್ಯಪ್ ಏನೋ ಶುರು ಮಾಡುತ್ತಿದೆ, ಗಡುವು ಮುಗಿದು ಫೋನ್ ಅದನ್ನು ನಿಲ್ಲಿಸುತ್ತಿದೆ, ಅದು ಮತ್ತೆ ಮೊದಲಿಂದ ಶುರು ಮಾಡುತ್ತಿದೆ. ಬ್ಯಾಕಪ್ ಪುಟ ತೆರೆದಾಗ 'ಒಂದು ಫೈಲ್ ಬಾಕಿ' ಅಂತ ಇತ್ತು. ಅದು ನಾನು ರಾತ್ರಿ ಕೂತು ರೆಕಾರ್ಡ್ ಮಾಡಿದ್ದ ಯಕ್ಷಗಾನದ ವಿಡಿಯೋ, 6 ಜಿಬಿ. ಯಕ್ಷಗಾನದ ಫೋಲ್ಡರನ್ನು ಬ್ಯಾಕಪ್‌ನಿಂದ ಹಿಂದೆಯೇ ತೆಗೆದಿಟ್ಟಿದ್ದೆ. ಅಪ್‌ಡೇಟ್ ನಂತರ ಎಲ್ಲ ಫೋಲ್ಡರಿಗೂ ಮತ್ತೆ ಟಿಕ್ ಬಿದ್ದಿತ್ತು. ನಮ್ಮ ಮನೆಯ ಲೈನಿನಲ್ಲಿ ಅಪ್‌ಲೋಡ್ ವೇಗ 10 ಎಂಬಿಪಿಎಸ್. ಆ ವೇಗದಲ್ಲಿ 6 ಜಿಬಿ ಹೋಗಲು ಗಂಟೆ ಇಪ್ಪತ್ತು ನಿಮಿಷ ಬೇಕು. ಹತ್ತು ನಿಮಿಷಕ್ಕೆ ಹೋಗುವುದು 750 ಎಂಬಿ. ನಿಂತ ಜಾಗದಿಂದ ಮುಂದುವರಿಸುವ ಬುದ್ಧಿ ಆ ಆ್ಯಪ್‌ಗೆ ಇಲ್ಲದ್ದರಿಂದ ಆ ವಿಡಿಯೋ ಯಾವತ್ತೂ ಮುಗಿಯುವ ಹಾಗೇ ಇರಲಿಲ್ಲ. ಡೇಟಾ ಯೂಸೇಜ್ ಪುಟದಲ್ಲಿ ವೈಫೈ ಲೆಕ್ಕ ನೋಡಿದರೆ ಅಲ್ಲೂ ಇದೇ ಆ್ಯಪ್ ಮೊದಲ ಸ್ಥಾನದಲ್ಲಿತ್ತು, ಒಂದೊಂದು ರಾತ್ರಿಗೆ 20 ಜಿಬಿಗೂ ಜಾಸ್ತಿ. ಕಂಪ್ಯೂಟರ್ ಇಲ್ಲದವರು ಈ ಪುಟವನ್ನಾದರೂ ತಪ್ಪದೆ ನೋಡಿ. ಬ್ಯಾಟರಿ ಪುಟ ಮುಚ್ಚಿಟ್ಟ ಹೆಸರು ಇಲ್ಲಿ ಸಿಗಬಹುದು.

ಇನ್ನೊಂದು ಪ್ರಶ್ನೆ ಉಳಿಯಿತು. ಮೇಜಿನ ಮೇಲೆ ಅಲುಗಾಡದೆ ಬಿದ್ದಿರುವ ಫೋನನ್ನು ಆಂಡ್ರಾಯ್ಡ್ ಗಾಢ ನಿದ್ದೆಗೆ ಕಳಿಸಬೇಕು. ಡೋಜ್ ಅಂತ ಕರೆಯುವ ಈ ವ್ಯವಸ್ಥೆ 2015ರ ಆಂಡ್ರಾಯ್ಡ್ 6ರಿಂದಲೂ ಇದೆ. ಆಗ ಆ್ಯಪ್‌ಗಳ ಕೆಲಸವನ್ನೆಲ್ಲ ತಡೆದು, ಆಗಾಗ ಸ್ವಲ್ಪ ಹೊತ್ತು ಮಾತ್ರ ಬಿಡುತ್ತದೆ. ಈ ಆ್ಯಪ್ ಹೇಗೆ ತಪ್ಪಿಸಿಕೊಂಡಿತು? ಆ್ಯಪ್ ಇನ್ಫೋಗೆ ಹೋಗಿ ಬ್ಯಾಟರಿ ಅಂತ ಒತ್ತಿದೆ. 'ಅನ್‌ರಿಸ್ಟ್ರಿಕ್ಟೆಡ್' ಅಂತ ಇತ್ತು. ಡೋಜ್‌ನ ತಡೆ ಅದಕ್ಕೆ ಅನ್ವಯಿಸುತ್ತಲೇ ಇರಲಿಲ್ಲ.

ಪತ್ತೆ ಆದ ಮೇಲೆ ಸರಿಪಡಿಸಲು ಹೊತ್ತು ಬೇಕಾಗಲಿಲ್ಲ. ಯಕ್ಷಗಾನದ ಫೋಲ್ಡರಿನ ಟಿಕ್ ತೆಗೆದೆ, ಆ್ಯಪ್‌ನ ಬ್ಯಾಟರಿಯನ್ನು 'ಆಪ್ಟಿಮೈಸ್ಡ್' ಮಾಡಿದೆ, ವಿಡಿಯೋವನ್ನು ಕೇಬಲ್ ಹಾಕಿ ಹಾರ್ಡ್ ಡಿಸ್ಕ್‌ಗೆ ಸಾಗಿಸಿದೆ. ಆ ರಾತ್ರಿ 76ರಿಂದ 71ಕ್ಕೆ ಮಾತ್ರ ಇಳಿಯಿತು. ಬ್ಯಾಕಪ್ ಈಗಲೂ ನಡೆಯುತ್ತದೆ, ಫೋಟೋಗಳು ಸ್ವಲ್ಪ ತಡವಾಗಿ ಹೋಗುತ್ತವೆ ಅಷ್ಟೇ. ಯುಎಸ್‌ಬಿ ಡೀಬಗಿಂಗ್ ಮಾತ್ರ ಮರೆಯದೆ ಆಫ್ ಮಾಡಿ. ಅದು ಆನ್ ಇದ್ದರೆ ಕೆಲವು ಬ್ಯಾಂಕ್ ಆ್ಯಪ್‌ಗಳು ತೆರೆಯುವುದಿಲ್ಲ, ಸುರಕ್ಷತೆಗೂ ಅದು ಆಫ್ ಇರುವುದೇ ಒಳ್ಳೆಯದು. ಇನ್ನು, ಸಿಕ್ಕ ಸಿಕ್ಕ ಆ್ಯಪ್‌ಗೆಲ್ಲ 'ರಿಸ್ಟ್ರಿಕ್ಟೆಡ್' ಹಾಕಿದರೆ ಮೆಸೇಜು ತಡವಾಗಿ ಬರುತ್ತವೆ, ವಾಟ್ಸ್‌ಆ್ಯಪ್ ಕಾಲ್ ರಿಂಗ್ ಆಗದೇ ಹೋಗಬಹುದು. ತಪ್ಪು ಮಾಡಿದ ಆ್ಯಪ್ ಒಂದಕ್ಕೇ ಕಡಿವಾಣ ಹಾಕಿ.

ಫೋನಿಗೆ ಐದರಲ್ಲಿ ಮೂರೂವರೆ ಕೊಡುತ್ತೇನೆ. ಬ್ಯಾಟರಿ ಎರಡು ವರ್ಷಕ್ಕೂ ಗಟ್ಟಿಯಾಗಿದೆ, ಅದಕ್ಕೆ ಪೂರ್ತಿ ಅಂಕ. ಕಳೆದದ್ದೆಲ್ಲ ಆ ಬ್ಯಾಟರಿ ಪುಟಕ್ಕೆ, ಮತ್ತೆ ಕೇಳದೆ ಟಿಕ್ ಹಾಕಿದ ಅಪ್‌ಡೇಟ್‌ಗೆ. ಇದೇ ಫೋನ್ ಇರುವವರು ಮುಂದಿನ ಅಪ್‌ಡೇಟ್ ಹಾಕಿದ ದಿನವೇ ಗ್ಯಾಲರಿಯ ಬ್ಯಾಕಪ್ ಫೋಲ್ಡರ್‌ಗಳನ್ನೂ, ಅದರ ಬ್ಯಾಟರಿ ಸೆಟ್ಟಿಂಗನ್ನೂ ಒಮ್ಮೆ ತೆರೆದು ನೋಡಿ. ಮೊನ್ನೆ ಬಂದ ಚಿಕ್ಕ ಸೆಕ್ಯುರಿಟಿ ಅಪ್‌ಡೇಟ್ ನಂತರ ನಾನು ನೋಡಿದಾಗ ಎರಡೂ ಹಾಗೇ ಇದ್ದವು.