ಒತ್ತು ತಗುಲಿದ್ದು ಎಲ್ಲಿ: ಎರಡು ಲೋಗೋ ಕಂತೆಗಳ ಹೋಲಿಕೆ

ಡೊಂಬಿವಲಿಯಲ್ಲಿ ನಮ್ಮದೊಂದು ಚಟ್ನಿಪುಡಿ, ಸಾರಿನಪುಡಿಯ ಸಣ್ಣ ಅಂಗಡಿ. ಕಳೆದ ವರ್ಷ ಲೋಗೋ ಬದಲಿಸಲು ಇಬ್ಬರ ಕೈಯಲ್ಲಿ ಕೆಲಸ ಮಾಡಿಸಿದೆ. ಇಬ್ಬರೂ ಬರೆದದ್ದು ಒರಳು ಮತ್ತು ಒನಕೆಯನ್ನೇ. ಇಬ್ಬರೂ ಮೂರು ರೂಪ ಕೊಟ್ಟರು: ಬೋರ್ಡಿಗೆ ಅಡ್ಡ ರೂಪ, ಪೊಟ್ಟಣಕ್ಕೆ ಮೇಲೆ ಕೆಳಗೆ ಜೋಡಿಸಿದ ರೂಪ, ಮೊಬೈಲಿಗೆ ಬರೀ ಒರಳು. ಪರದೆಯ ಮೇಲೆ ನನಗೆ ಮೊದಲನೆಯದೇ ಚೆಂದ ಕಂಡಿತ್ತು.

ಬೋರ್ಡು ಎಂಟು ಅಡಿ ಅಗಲ, ಎರಡು ಅಡಿ ಎತ್ತರ. ಮಹಾರಾಷ್ಟ್ರದಲ್ಲಿ ಅಂಗಡಿ ಫಲಕದ ಮೇಲೆ ದೇವನಾಗರಿಯಲ್ಲಿ ಮರಾಠಿ ಮೊದಲು ಬರಬೇಕು, ಬೇರೆ ಲಿಪಿಗಿಂತ ಸಣ್ಣದಾಗಬಾರದು. ಹಾಗಾಗಿ ಇಬ್ಬರೂ ಒರಳು, ಮರಾಠಿ ಹೆಸರು, ಕನ್ನಡ ಹೆಸರು ಎಂದು ಒಂದೇ ಸಾಲಿನಲ್ಲಿ ಇಟ್ಟಿದ್ದರು. ಮೊದಲ ಕಂತೆಯ ಸಾಲು ಎತ್ತರದ ಆರು ಪಟ್ಟು ಉದ್ದ, ಸುತ್ತ ಖಾಲಿ ಜಾಗವೇ ಇಲ್ಲ. 96 ಅಂಗುಲಕ್ಕೆ ಹಿಗ್ಗಿಸಿದರೆ ಎತ್ತರ 16 ಅಂಗುಲ. ಮೇಲೆ ಕೆಳಗೆ ನಾಲ್ಕು ನಾಲ್ಕು ಅಂಗುಲ ಉಳಿದರೂ ಎಡಬಲಕ್ಕೆ ಏನೂ ಇಲ್ಲ. ಬೋರ್ಡು ಮಾಡುವವರು ವಿಜಯಪುರದ ಕಡೆಯವರು. ನೋಡಿದವರೇ, "ಇದಕ್ಕೆ ಅಂಚೇ ಇಲ್ಲವಲ್ಲರೀ, ಚೌಕಟ್ಟು ಎಲ್ಲಿ ಕೂಡಿಸಲಿ?" ಎಂದರು. ಅಲ್ಯೂಮಿನಿಯಂ ಪಟ್ಟಿ ಪ್ರತಿ ಬದಿಯಲ್ಲೂ ಒಂದಂಗುಲ ನುಂಗುತ್ತದೆ, ಒರಳಿನ ಅಂಚು ಅದರಡಿಗೆ ಹೋಗುತ್ತಿತ್ತು.

ಎರಡನೆಯ ಕಂತೆ ಮಾಡಿದ ಹುಡುಗಿ ಸಾಲನ್ನು ಐದು ಪಟ್ಟಿಗೆ ಇಳಿಸಿ, ಲೋಗೋದ ಎತ್ತರದ ಕಾಲು ಭಾಗದಷ್ಟು ಜಾಗವನ್ನು ನಾಲ್ಕೂ ಕಡೆ ಬಿಟ್ಟಿದ್ದಳು. ಅದೇ ಬೋರ್ಡಿನಲ್ಲಿ ಲೋಗೋ 80 ಅಂಗುಲ ಉದ್ದ, 16 ಅಂಗುಲ ಎತ್ತರ, ಎಡಬಲಕ್ಕೆ ಎಂಟೆಂಟು ಅಂಗುಲ. ಅಂದರೆ ಎತ್ತರದಲ್ಲಿ ನಾವು ಕಳೆದುಕೊಂಡದ್ದು ಏನೂ ಇಲ್ಲ. ರಸ್ತೆಯ ಆಚೆ ಬದಿಯಿಂದ ಎರಡೂ ನಮೂನೆ ನೋಡಿದೆ. ಮೊದಲನೆಯದು ಪಕ್ಕದ ಔಷಧಿ ಅಂಗಡಿಯ ಹೆಸರಿನ ಮುಂದುವರಿದ ಭಾಗದಂತೆ ಕಂಡಿತು.

ಪೊಟ್ಟಣದ್ದು ಇದಕ್ಕಿಂತ ಸೂಕ್ಷ್ಮ. ಅಲ್ಲಿ ಫಲಕದ ನಿಯಮವಿಲ್ಲದ್ದರಿಂದ ಇಬ್ಬರೂ ಒರಳಿನ ಕೆಳಗೆ ಕನ್ನಡ, ಅದರ ಕೆಳಗೆ ಮರಾಠಿ ಇಟ್ಟಿದ್ದರು. 'ಚಟ್ನಿ' ಎಂಬಲ್ಲಿ ಟಕಾರದ ಕೆಳಗೆ ನಕಾರದ ಒತ್ತು ಇಳಿಯುತ್ತದೆ. ಮೊದಲನೆಯವರು ಎರಡು ಸಾಲುಗಳ ನಡುವಿನ ಜಾಗವನ್ನು ಅಕ್ಷರಗಳು ಕೂರುವ ಗೆರೆಯಿಂದ ಅಳೆದಿದ್ದರು. ಆರು ಸೆಂಟಿಮೀಟರ್ ಅಗಲದ ಲೇಬಲ್ಲಿನಲ್ಲಿ ಆ ಒತ್ತು ನೇರವಾಗಿ ದೇವನಾಗರಿಯ ತಲೆಗೆರೆಗೆ ತಗುಲಿ, ಮರಾಠಿ ಅಕ್ಷರಕ್ಕೆ ಇಲ್ಲದ ಮಾತ್ರೆಯೊಂದು ಹುಟ್ಟಿಕೊಂಡಿತು. ರೋಮನ್ ಅಕ್ಷರಗಳಿಗೆ ಹೊಂದುವ ಅಳತೆಯನ್ನು ಹಾಗೆಯೇ ಕನ್ನಡಕ್ಕೆ ಹಾಕಿದರೆ ಆಗುವುದು ಇದೇ. ನಾನೂ ಪರದೆಯಲ್ಲಿ ದೊಡ್ಡದು ಮಾಡಿ ನೋಡಿ ಒಪ್ಪಿದ್ದವನೇ. ಐನೂರು ಲೇಬಲ್ ಅಚ್ಚಾದ ಮೇಲೆ ಕಣ್ಣಿಗೆ ಬಿತ್ತು. ಹುಡುಗಿ ಒತ್ತಿನ ತುದಿಯಿಂದ ಅಳೆದಿದ್ದಳು, ಹೊರಗಿನ ಜಾಗವನ್ನೂ ಹಾಗೆಯೇ. ಸಾಲುಗಳು ಕೊಂಚ ದೂರವಾದಂತೆ ಕಾಣುತ್ತವೆ, ಆದರೆ ಎರಡೂ ಲಿಪಿ ಓದಲು ಬರುತ್ತವೆ.

ಬರೀ ಒರಳಿನ ವಿಷಯದಲ್ಲಿ ಮಾತ್ರ ನನ್ನ ತೀರ್ಪು ಎರಡು ಸಲ ಮಗುಚಿತು. ವಾಟ್ಸಾಪ್ ಚೌಕದ ಚಿತ್ರವನ್ನು ವೃತ್ತದಲ್ಲಿ ತೋರಿಸುತ್ತದೆ. ವೃತ್ತದೊಳಗೆ ಪೂರ್ತಿ ಹಿಡಿಯುವ ಚೌಕದ ಬದಿ ವ್ಯಾಸದ ಸುಮಾರು 70 ಶೇಕಡಾ ಮಾತ್ರ. ಮೊದಲ ಕಂತೆಯ ಒನಕೆ ಮೂಲೆಯ ತನಕ ಚಾಚಿತ್ತು, ಅದರ ತುದಿ ಹಾರಿಹೋಯಿತು. ಎರಡನೆಯದರಲ್ಲಿ ಕಾಲು ಭಾಗದ ಅಂಚು ಸೇರಿ ಒರಳು 67 ಶೇಕಡಾ ಆಗಿತ್ತು, ಸರಿಯಾಗಿ ಕೂತಿತು. ಅದೇ ಫೈಲನ್ನು ನಮ್ಮ ವೆಬ್‌ಸೈಟಿನ ಟ್ಯಾಬಿನ ಚಿಹ್ನೆಯಾಗಿ ಹಾಕಿದಾಗ ಕಥೆ ಬೇರೆ. ಅಲ್ಲಿ ಸಿಗುವುದು 16 ಪಿಕ್ಸೆಲ್. ಅಂಚು ಕಳೆದರೆ ಒರಳಿಗೆ ಉಳಿದದ್ದು ಹನ್ನೊಂದೇ, ಕಂಡದ್ದು ಒಂದು ಬೂದು ಚುಕ್ಕೆ. ಮೊದಲನೆಯವರ ಅಂಚಿಲ್ಲದ ದಪ್ಪ ಒರಳು ಅಲ್ಲಿ ಒರಳಾಗಿಯೇ ಕಂಡಿತು. ಟ್ಯಾಬಿನಲ್ಲಿ ಚಿಹ್ನೆಯ ಸುತ್ತ ಬ್ರೌಸರೇ ಜಾಗ ಬಿಡುತ್ತದೆ, ನಾವು ಮತ್ತೆ ಬಿಡುವ ಅಗತ್ಯವಿರಲಿಲ್ಲ.

ಬಿಲ್ಲಿನಲ್ಲೂ ಅವರದೇ ಮೇಲುಗೈ. ನಮ್ಮ ಯಂತ್ರದ 58 ಮಿಲಿಮೀಟರ್ ಕಾಗದದಲ್ಲಿ ಅಚ್ಚಾಗುವ ಅಗಲ 48, ಒಟ್ಟು 384 ಚುಕ್ಕೆ. ಹುಡುಗಿಯ ಸಣ್ಣ ಗೆರೆಗಳು ಅಡ್ಡ ರೂಪದಲ್ಲಿ ಒಂದು ಚುಕ್ಕೆಗೆ ಇಳಿದು ಅಲ್ಲಲ್ಲಿ ತುಂಡಾದವು.

ಕೊನೆಗೆ ಇಟ್ಟುಕೊಂಡದ್ದು ಎರಡನೆಯ ಕಂತೆಯನ್ನೇ. ಒಳಗೆರೆಗಳಿಲ್ಲದ, ಅಂಚೂ ಇಲ್ಲದ ತುಂಬು ಕಪ್ಪು ಒರಳೊಂದನ್ನು ಬೇರೆ ಫೈಲಾಗಿ ಬರೆದುಕೊಡಲು ಕೇಳಿದೆ, ಎರಡು ದಿನದಲ್ಲಿ ಕೊಟ್ಟಳು. ಒತ್ತು ತಗುಲಿದ ಹಳೆಯ ಲೇಬಲ್ಲುಗಳು ಇನ್ನೂ ಮುನ್ನೂರು ಉಳಿದಿವೆ. ನೆಂಟರಿಗೆ ಕಳಿಸುವ ಪೊಟ್ಟಣಗಳಿಗೆ ಅಂಟಿಸಿ ಮುಗಿಸುತ್ತಿದ್ದೇವೆ.