ಚುಕ್ಕೆಯ ಮುಂದಿನ ಅಂಕಿ: 4.3 ಹೇರ್ ಕಲರ್ ಹಚ್ಚಿಕೊಂಡು ಹದಿನಾಲ್ಕು ತಿಂಗಳು

ನನ್ನದು ಗೋಧಿ ಬಣ್ಣಕ್ಕಿಂತ ಸ್ವಲ್ಪ ಗಾಢವಾದ ಮೈ. ಬಿಸಿಲಲ್ಲಿ ನೋಡಿದರೆ ಒಳಗೊಳಗೇ ಹಳದಿ ಇದೆ. ಕಣ್ಣು, ಹುಬ್ಬು ಎರಡೂ ಹೆಚ್ಚುಕಡಿಮೆ ಕಪ್ಪು. ತಲೆಯಲ್ಲಿ ಕಾಲು ಭಾಗ ನರೆ, ಅದೂ ಕಿವಿಯ ಮೇಲೆಯೇ ಜಾಸ್ತಿ. ನಾನು ಬಳಸುವುದು ಅಮೋನಿಯಾ ಇಲ್ಲದ ಕ್ರೀಮ್ ಕಲರ್, ನಂಬರ್ 4.3, ಗೋಲ್ಡನ್ ಬ್ರೌನ್. ಕಂಪನಿ ಹೆಸರು ಬರೆಯುತ್ತಿಲ್ಲ. ಯಾಕೆಂದರೆ ನನಗೆ ಉಪಯೋಗಕ್ಕೆ ಬಂದದ್ದು ಆ ನಂಬರ್.

ಇದಕ್ಕೂ ಮುಂಚೆ ಎರಡು ಸಲ ದುಡ್ಡು ಹಾಳು ಮಾಡಿದ್ದೇನೆ. ಮೊದಲು ತಂದದ್ದು 5.1. ಡಬ್ಬಿ ಮೇಲಿನ ಹುಡುಗಿ ಚೆನ್ನಾಗಿದ್ದಳು, ಅಷ್ಟೇ ಕಾರಣ! ಚುಕ್ಕೆಯ ಹಿಂದಿನ ಅಂಕಿ ಬಣ್ಣ ಎಷ್ಟು ಗಾಢ ಅನ್ನುವುದನ್ನು ಹೇಳುತ್ತದೆ. 1 ಅಂದರೆ ಕಪ್ಪು, 10 ಅಂದರೆ ತೀರಾ ತಿಳಿ. ಚುಕ್ಕೆಯ ಮುಂದಿನದು ಛಾಯೆ. ಸಾಮಾನ್ಯವಾಗಿ .1 ಅಂದರೆ ಬೂದಿ, .3 ಅಂದರೆ ಚಿನ್ನ, .4 ಅಂದರೆ ತಾಮ್ರ. ಇದು ಗೊತ್ತಿಲ್ಲದೆ ಬೂದಿ ಛಾಯೆ ಹಚ್ಚಿಕೊಂಡೆ. ನರೆ ಇದ್ದ ಕಡೆ ಕೆಸರಿನ ಬಣ್ಣ ಬಂತು. ಅಕ್ಕ ಬಂದವಳೇ "ಜ್ವರ ಬಂದಿತ್ತೇನೇ?" ಅಂದಳು.

ಎರಡನೇ ಸಲ ಬರ್ಗಂಡಿ. ಅದರಲ್ಲಿ ನೇರಳೆ ಇರುತ್ತದೆ. ಹಳದಿಯ ಪಕ್ಕ ನೇರಳೆ ಇಟ್ಟರೆ ಹಳದಿ ಇನ್ನೂ ಎದ್ದು ಕಾಣುತ್ತದೆ, ಅಲ್ವಾ? ನನ್ನ ಮುಖಕ್ಕೂ ಅದೇ ಆಯಿತು. ನರೆ ಕೂದಲಂತೂ ಬೀಟ್‌ರೂಟ್.

ಆಮೇಲೆ ಮೈಬಣ್ಣವನ್ನೇ ಸರಿಯಾಗಿ ನೋಡೋಣ ಅಂತ ಕೂತೆ. ಮಣಿಕಟ್ಟಿನ ನರ ಹಸಿರೋ ನೀಲಿಯೋ ನೋಡು ಅಂತಾರೆ. ನನ್ನಂಥ ಕಂದು ಚರ್ಮದಲ್ಲಿ ಅದು ಸರಿಯಾಗಿ ಕಾಣುವುದೇ ಇಲ್ಲ. ಕೆಲಸಕ್ಕೆ ಬಂದದ್ದು ಸೀರೆ. ಬೆಳಿಗ್ಗೆ ಕಿಟಕಿ ಪಕ್ಕ, ಪೌಡರ್ ಹಚ್ಚದೆ, ಒಂದು ಹೆಗಲಿಗೆ ಚಿನ್ನದ ಜರಿಯ ಸೆರಗು, ಇನ್ನೊಂದಕ್ಕೆ ಬೆಳ್ಳಿ ಜರಿಯದು ಹಾಕಿಕೊಂಡು ಕನ್ನಡಿ ನೋಡಿದೆ. ಬೆಳ್ಳಿ ಕಡೆ ಕಣ್ಣಿನ ಕೆಳಗಿನ ಕಪ್ಪು ಎದ್ದು ಕಂಡಿತು. ಚಿನ್ನದ ಕಡೆ ಅದು ಮರೆಯಾಯಿತು. ಹಾಗಾಗಿ .3. ಇನ್ನು 4 ಯಾಕೆ ಅಂದರೆ ಕಣ್ಣು, ಹುಬ್ಬಿಗಾಗಿ. 6, 7ಕ್ಕೆ ಹೋದರೆ ಹುಬ್ಬು ಮಾತ್ರ ಕಾಡಿಗೆ ಬಳಿದ ಹಾಗೆ ಬೇರೆಯಾಗಿ ನಿಲ್ಲುತ್ತದೆ.

ಡಬ್ಬಿ ಮೇಲಿನ ಬಣ್ಣ ಕಪ್ಪು ಕೂದಲಲ್ಲಿ ಬರುತ್ತದೆ ಅಂತ ಮಾತ್ರ ನಂಬಬೇಡಿ. ಅಮೋನಿಯಾ ಇಲ್ಲದ ಕಲರ್ ಕಪ್ಪನ್ನು ಅಷ್ಟೇನೂ ತಿಳಿ ಮಾಡುವುದಿಲ್ಲ. ನನ್ನ ಕಪ್ಪು ಕೂದಲು ಮನೆಯೊಳಗೆ ಕಪ್ಪಾಗಿಯೇ ಇರುತ್ತದೆ, ಬಿಸಿಲಿಗೆ ಹೋದಾಗ ಜೇನಿನ ಹೊಳಪು ಕಾಣುತ್ತದೆ. ನರೆಗೆ ಮಾತ್ರ ನಿಜವಾದ ಬಣ್ಣ ಹತ್ತುತ್ತದೆ. ಹಳೇ ಬರ್ಗಂಡಿ ಮೇಲೆ ಇದನ್ನು ಹಚ್ಚಿದರೂ ಅದು ಹೋಗಲಿಲ್ಲ. ಒಂದು ಬಣ್ಣ ಇನ್ನೊಂದು ಬಣ್ಣವನ್ನು ತೆಗೆಯುವುದಿಲ್ಲ. ಬೆಳೆದ ಹಾಗೆ ಕತ್ತರಿಸುತ್ತಾ ಬಂದೆ.

ಮೊದಲ ಎರಡು ತಿಂಗಳು ಬರೀ 4.3 ಹಚ್ಚಿದೆ. ಕಿವಿಯ ಮೇಲಿನ ನರೆ ಪಾರದರ್ಶಕವಾಗಿ, ಕಿತ್ತಳೆಯ ಹಾಗೆ ಕಂಡಿತು. ಚಿನ್ನದ ಛಾಯೆ ಒಂದೇ ಆದರೆ ನರೆ ಪೂರ್ತಿ ಮುಚ್ಚುವುದಿಲ್ಲ. ಪಾರ್ಲರಿನವರು ಹೇಳಿದ ಉಪಾಯ ಇದು: ಅದೇ ಕಂಪನಿಯ, ಅದೇ ಸರಣಿಯ ಚುಕ್ಕೆಯಿಲ್ಲದ 4 ಅರ್ಧ, 4.3 ಅರ್ಧ. ಕಲರ್ ಜೊತೆ ಬೆರೆಸುವ ಡೆವಲಪರ್ ಮಾತ್ರ ಡಬ್ಬಿಯಲ್ಲಿ ಹೇಳಿದಷ್ಟೇ. ಇದರಿಂದ ಕಿತ್ತಳೆ ನಿಂತಿತು.

ಇನ್ನೊಂದು ತಪ್ಪು ನನ್ನದೇ. ಪ್ರತಿ ಸಲ ಬುಡದಿಂದ ತುದಿವರೆಗೂ ಹಚ್ಚುತ್ತಿದ್ದೆ. ಪದರದ ಮೇಲೆ ಪದರ ಕೂತು ನಾಲ್ಕೇ ತಿಂಗಳಲ್ಲಿ ತುದಿ ಕಾಡಿಗೆಯಾಯಿತು. ಕೂದಲು ತಿಂಗಳಿಗೆ ಒಂದು ಸೆಂಟಿಮೀಟರ್‌ಗಿಂತ ಸ್ವಲ್ಪ ಜಾಸ್ತಿ ಬೆಳೆಯುತ್ತದೆ. ಈಗ ಆರು ವಾರಕ್ಕೊಮ್ಮೆ ಬುಡಕ್ಕಷ್ಟೇ ಹಚ್ಚಿ, ಕೊನೆಯ ಐದು ನಿಮಿಷ ಮಾತ್ರ ಬಾಚಣಿಗೆಯಿಂದ ಕೆಳಗೆ ಎಳೆಯುತ್ತೇನೆ.

ಅಮೋನಿಯಾ ಇಲ್ಲ ಅಂದ ಮಾತ್ರಕ್ಕೆ ಅಲರ್ಜಿ ಬರಲ್ಲ ಅಂತಲ್ಲ. ಹೊಸ ಡಬ್ಬಿ ತಂದಾಗಲೆಲ್ಲ ಚೀಟಿಯಲ್ಲಿ ಬರೆದ ಹಾಗೆ ಮೊದಲೇ ಸ್ವಲ್ಪ ಹಚ್ಚಿ 48 ಗಂಟೆ ಕಾಯುತ್ತೇನೆ. ತುರಿಸಿದರೆ ಸೀದಾ ಕಸದ ಬುಟ್ಟಿಗೆ.

ಐದಕ್ಕೆ ನಾಲ್ಕು ಕೊಡುತ್ತೇನೆ. ಮೊದಲ ಎರಡು ಮೂರು ಸಲ ತಲೆ ಸ್ನಾನ ಮಾಡಿದಾಗ ಕಂದು ನೀರು ಇಳಿಯುತ್ತದೆ. ನನ್ನ ಒಂದು ಬಿಳಿ ದಿಂಬಿನ ಕವರ್ ಈಗ ನೆಲ ಒರೆಸುವ ಬಟ್ಟೆಯಾಗಿದೆ.